ಬೋಲ್ಟಿನ ತಳದಲ್ಲಿದ್ದ ಗುಟ್ಕಾ ಚೀಟು

ಉಗುಳೆಂದರೆ ನನಗೆ ಮೊದಲಿನಿಂದಲೂ ಅಸಹ್ಯ. ಊಟಕ್ಕೆ ಕೂತಾಗ ಪಕ್ಕದವನು ಗಂಟಲು ಕೆರೆದರೆ ಸಾಕು, ತಟ್ಟೆ ಎತ್ತಿಕೊಂಡು ಬೇರೆ ಕಡೆ ಹೋಗುವ ಪೈಕಿ ನಾನು. ಇಂಥವನು ಪುಣೆಯಿಂದ ದಿನಾ ಕಂಪನಿ ಬಸ್ಸು ಹತ್ತಿ ರಾಂಜಣಗಾಂವಕ್ಕೆ ಹೋಗಿ, ಮೂರು ಪಾಳಿಯ ಜನ ಉಗುಳಿಟ್ಟ ಮಶೀನುಗಳನ್ನು ರಿಪೇರಿ ಮಾಡುವ ಫಿಟ್ಟರ್ ಆಗಿ ಹದಿನಾಲ್ಕು ವರ್ಷ ದುಡಿದೆ. ಹಣೆಬರಹ ಬರೆಯುವವನಿಗೆ ಚೇಷ್ಟೆ ಬುದ್ಧಿ ಜಾಸ್ತಿ.

ನಮ್ಮದು ಕಾರುಗಳಿಗೆ ಬಿಡಿಭಾಗ ಮಾಡಿಕೊಡುವ ಕಾರ್ಖಾನೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದೊಂದು ಮಶೀನಿನ ಕೆಳಗೂ ಒಂದು ಟ್ಯಾಂಕು. ಅದರಲ್ಲಿ ಹಾಲಿನ ಬಣ್ಣದ ಕೂಲಂಟ್ ನೀರು. ಲೋಹ ಕೊರೆಯುವಾಗ ಬಿಸಿಯಾಗದಿರಲೆಂದು ಪಂಪು ಅದನ್ನು ಮೇಲಕ್ಕೆತ್ತಿ ಸುರಿಯುತ್ತದೆ, ಸುರಿದದ್ದು ಸೋಸಿ ಮತ್ತೆ ಟ್ಯಾಂಕಿಗೇ ಬರುತ್ತದೆ. ಜನ ಲೋಹದ ಚೂರು ಬೀಳುವ ಟ್ರೇಯಲ್ಲಿ ಉಗುಳುತ್ತಿದ್ದರು. ಟ್ರೇಯಲ್ಲಿ ಉಗುಳಿದ್ದು ಎಲ್ಲಿಗೆ ಹೋಗುತ್ತದೆ? ಟ್ಯಾಂಕಿಗೆ. ಟ್ಯಾಂಕಿನಿಂದ ಎಲ್ಲಿಗೆ? ನನ್ನ ಕೈಮೇಲೆ, ಮುಖದ ಮೇಲೆ. ಹಿಂದಿನ ದಿನ ಯಾರೋ ಉಗುಳಿದ ತಂಬಾಕಿನ ರಸ ಮರುದಿನ ನನ್ನ ತುಟಿಗೆ ಸಿಡಿಯುತ್ತಿತ್ತು. ಬೇಸಿಗೆಯಲ್ಲಂತೂ ಆ ನೀರು ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ನಾನು ಎರಡು ಕರವಸ್ತ್ರ ಇಟ್ಟುಕೊಳ್ಳುತ್ತಿದ್ದೆ, ಒಂದು ಮುಖಕ್ಕೆ, ಒಂದು ಕೈಗೆ. ಎಲ್ಲರೂ ನನ್ನನ್ನು ‘ಮಡಿ ಫಿಟ್ಟರ್’ ಎನ್ನುತ್ತಿದ್ದರು. ಅನ್ನಲಿ, ಮಡಿ ಇದ್ದವನಿಗೆ ತಾನೇ ಮೈಲಿಗೆ ಗೊತ್ತಾಗುವುದು ಎಂದು ನಾನೂ ಬೀಗುತ್ತಿದ್ದೆ.

ನನ್ನ ಪಾಳಿಯಲ್ಲಿ ಒಂದು ಮಿಲ್ಲಿಂಗ್ ಮಶೀನು ನಡೆಸುವವರೊಬ್ಬರು ಮಹಾರಾಷ್ಟ್ರದ ಜತ್ ಕಡೆಯವರು, ಮನೆಮಾತು ನಮ್ಮ ಹಾಗೆಯೇ ಕನ್ನಡ. ನಾನು ಇಂಡಿ ತಾಲೂಕಿನವನು. ಜತ್ತಿಗೂ ಇಂಡಿಗೂ ನಡುವೆ ರಾಜ್ಯದ ಗಡಿ ಇದ್ದರೂ ರೊಟ್ಟಿ ಒಂದೇ, ಬೈಗುಳ ಒಂದೇ. ನನಗಿಂತ ಹದಿನೈದು ವರ್ಷ ದೊಡ್ಡವರಾದ್ದರಿಂದ ಅವರಿಗೆ ಕಾಕಾ ಎನ್ನುತ್ತಿದ್ದೆ. ಅವರು ನನಗೆ ‘ತಮ್ಮಾ’. ಕಾಕಾ ಏಳು ವರ್ಷದಿಂದ ಗುತ್ತಿಗೆಯ ಮೇಲೆ ಇದ್ದರು. ಆ ದೀಪಾವಳಿಗೆ ಗುತ್ತಿಗೆಯವರಲ್ಲಿ ಇಬ್ಬರನ್ನು ಪರ್ಮನೆಂಟ್ ಮಾಡುತ್ತಾರೆಂದೂ ಅದರಲ್ಲಿ ಕಾಕಾನ ಹೆಸರು ಇದೆಯೆಂದೂ ಸುದ್ದಿ ಇತ್ತು. ಕಾಕಾ ಆಗಲೇ ಶಿರೂರಿನಲ್ಲಿ ಎರಡು ಖೋಲಿಯ ಮನೆ ನೋಡಿ ಬಂದಿದ್ದರು. ಒಳಗೇ ನಲ್ಲಿ ಇರುವ ಮನೆ. ಏಳು ವರ್ಷದಿಂದ ಊರಲ್ಲೇ ಇದ್ದ ಹೆಂಡತಿ ಮಕ್ಕಳನ್ನು ಕರೆತಂದು ಅಲ್ಲಿ ಸಂಸಾರ ಹೂಡುವುದು ಅವರ ಲೆಕ್ಕಾಚಾರ. ದಿನಕ್ಕೆರಡು ಸಲ ಆ ನಲ್ಲಿಯ ಕಥೆ ನನಗೆ ಹೇಳುತ್ತಿದ್ದರು. ಕಾಗದ ಕೈಗೆ ಬಂದ ದಿನ ಜೇಜುರಿಗೆ ಹೋಗಿ ಖಂಡೋಬನಿಗೆ ಅರಿಸಿನದ ಭಂಡಾರ ಹಾರಿಸುತ್ತೇನೆ ಎನ್ನುತ್ತಿದ್ದರು.

ಒಳ್ಳೆಯ ಮನುಷ್ಯ, ಆದರೆ ತಂಬಾಕು. ತಗಡಿನ ಡಬ್ಬಿಯ ಒಂದು ಕಡೆ ಎಲೆತಂಬಾಕು, ಇನ್ನೊಂದು ಕಡೆ ಸುಣ್ಣ. ಅಂಗೈಯಲ್ಲಿ ಹಾಕಿ ಹೆಬ್ಬೆರಳಿನಿಂದ ತಿಕ್ಕಿ, ಎರಡು ಸಲ ತಟ್ಟಿ, ಕೆಳತುಟಿಗೆ ತುಂಬಿಕೊಂಡರೆ ಅರ್ಧ ಗಂಟೆ ಮಾತಿಲ್ಲ. ಆಮೇಲೆ ಪಿಚಕ್ ಎಂದು ಟ್ರೇಯಲ್ಲಿ. ನಾನು ಎಷ್ಟು ಸಲ ಜಗಳ ತೆಗೆದೆನೋ. “ಕಾಕಾ, ಮೋರಿ ಅಲ್ಲೇ ಐತಲ್ರಿ, ಹತ್ತ ಹೆಜ್ಜಿ ನಡದ್ರ ಕಾಲ ಸವೀತಾವೇನ್ರಿ?” ಎಂದರೆ ನಗುತ್ತಿದ್ದರು. “ಮಶೀನ್ ನಿಂತ್ರ ಸಾಹೇಬ ಬೈತಾನ ತಮ್ಮಾ. ಉಗುಳಿದ್ರ ನೀ ಒಬ್ಬಾಂವ ಬೈತಿ” ಎನ್ನುತ್ತಿದ್ದರು.

ಆ ಮಶೀನಿನ ಮೇಲೆ ಕಾಸ್ಟಿಂಗನ್ನು, ಅಂದರೆ ಕೊರೆಯಬೇಕಾದ ಎರಕದ ತುಂಡನ್ನು, ಹಿಡಿದುಕೊಳ್ಳುವ ಒಂದು ದಪ್ಪ ಉಕ್ಕಿನ ಪ್ಲೇಟು ಇತ್ತು. ನಾಲ್ಕು ಮೂಲೆಗೆ ನಾಲ್ಕು ಅಲನ್ ಬೋಲ್ಟು, ಎಂಟು ಎಂಎಂ ಗಾತ್ರದವು. ಬೋಲ್ಟಿನ ತಲೆಯಲ್ಲಿ ಆರು ಮೂಲೆಯ ಕುಳಿ. ಅದಕ್ಕೆ ಆರು ಎಂಎಂ ಅಲನ್ ಕೀ ಹಾಕಿ ತಿರುಗಿಸಬೇಕು. ತಲೆಗಳು ಪ್ಲೇಟಿನ ಮೇಲೆ ಎದ್ದು ಕಾಣುತ್ತಿರಲಿಲ್ಲ, ಪ್ಲೇಟಿನೊಳಗೇ ಗುಂಡಿ ತೋಡಿ ಕೂರಿಸಿದ್ದರು. ಅಂದರೆ ಆ ಗುಂಡಿಗಳೆಲ್ಲ ಬಟ್ಟಲಿದ್ದಂತೆ. ಕೂಲಂಟ್, ಕಬ್ಬಿಣದ ಪುಡಿ, ಉಗುಳು, ಎಲ್ಲವೂ ಹೋಗಿ ಅಲ್ಲಿ ನಿಲ್ಲುತ್ತಿತ್ತು.

ದೀಪಾವಳಿಗೆ ಇನ್ನು ಮೂರು ವಾರ ಇರುವಾಗ ಒಂದು ಮಧ್ಯಾಹ್ನ, ಆ ಪ್ಲೇಟಿನ ಕೆಳಗಿನ ಪಿನ್ನು ಸವೆದು ಮಾಲು ಅಳತೆ ತಪ್ಪಿತು. ಪ್ಲೇಟು ಬಿಚ್ಚಿ ಪಿನ್ನು ಬದಲಿಸಬೇಕು. ಮಾಲು ಒಯ್ಯಲು ಗಾಡಿ ಬಂದು ಗೇಟಿನಲ್ಲಿ ನಿಂತಿತ್ತು. ಮೂರು ಬೋಲ್ಟು ಸಲೀಸಾಗಿ ಬಂದವು. ನಾಲ್ಕನೆಯದು ಕಾಕಾ ನಿಲ್ಲುವ ಕಡೆಯ ಮೂಲೆಯದು. ಬಗ್ಗಿ ನೋಡಿದೆ. ಗುಂಡಿಯಲ್ಲಿ ಕಂದು ಬಣ್ಣದ ಲೋಳೆ ತುಂಬಿ, ಮೇಲೆ ಕೆನೆ ಕಟ್ಟಿತ್ತು.

ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ಳಬೇಕು. ಫಿಟ್ಟರ್ ಆದವನು ಮೊದಲು ಆ ಕುಳಿಯನ್ನು ತಳದವರೆಗೆ ಸ್ವಚ್ಛ ಮಾಡಬೇಕು. ಕೀ ತಳ ಮುಟ್ಟದಿದ್ದರೆ ಮೂಲೆಗಳ ಮೇಲಿನ ಅಂಚಷ್ಟೇ ಜೋರು ತಡೆಯಬೇಕಾಗುತ್ತದೆ. ಐಟಿಐಯಲ್ಲಿ ಮೊದಲ ತಿಂಗಳೇ ಕಲಿಸುವ ಪಾಠ ಇದು. ಆದರೆ ಅದರಲ್ಲಿ ಯಾರು ಕೈ ಹಾಕುತ್ತಾರೆ? ವೇಸ್ಟ್ ಬಟ್ಟೆಯಿಂದ ಮೇಲೆ ಮೇಲೆ ಒರೆಸಿ, ಮುಖ ಆ ಕಡೆ ತಿರುಗಿಸಿ, ಕೀ ಒತ್ತಿದೆ. ಗಟ್ಟಿಯಾದುದಕ್ಕೆ ತಾಗಿ ನಿಂತಿತು. ತಳ ಸಿಕ್ಕಿತು ಅಂದುಕೊಂಡೆ. ಕೀಗೆ ಪೈಪು ತೂರಿಸಿ ಜಗ್ಗಿದೆ. ಗರ್ರ್ ಎಂದು ಪೈಪು ಸಮೇತ ನನ್ನ ಕೈ ತಿರುಗಿತು, ಬೋಲ್ಟು ತಿರುಗಲಿಲ್ಲ. ಎರಡನೇ ಸಲ ಒತ್ತಿ ಜಗ್ಗಿದೆ. ಅಷ್ಟೇ. ಆರು ಮೂಲೆ ಹೋಗಿ ಕುಳಿ ಗುಂಡಗಾಯಿತು.

ನಾನು ಕೀಯನ್ನು ನೆಲಕ್ಕೆ ಬಡಿದು ಕೂಗಿದೆ. “ನೋಡ್ರಿ ಕಾಕಾ, ನಿಮ್ಮ ಉಗುಳಿನ ಪ್ರತಾಪ! ಬೋಲ್ಟಿನಾಗ ಪೀಕದಾನಿ ಮಾಡೀರಿ. ಕೀ ಹೆಂಗ ಕೂಡಬೇಕ್ರಿ?”

ಆಚೀಚೆಯವರು ತಿರುಗಿ ನೋಡಿದರು. ಗಾಡಿಯ ಚಿಂತೆಯಲ್ಲಿದ್ದ ನಮ್ಮ ವಿಭಾಗದ ಸಾಹೇಬರೂ ಅದೇ ಹೊತ್ತಿಗೆ ಅಲ್ಲಿಗೆ ಬಂದರು. ಕಾಕಾ ತುಟಿಯಲ್ಲಿದ್ದುದನ್ನು ನುಂಗಿಬಿಟ್ಟರು. ನುಂಗಿದ್ದು ನನಗೆ ಕಂಡಿತು, ಅದಕ್ಕೂ ಹೇಸಿದೆ.

ತಲೆ ಪ್ಲೇಟಿನೊಳಗೆ ಕೂತಿದ್ದರಿಂದ ಹೊರಗಿನಿಂದ ಪಾನಾ, ಅಂದರೆ ಸ್ಪ್ಯಾನರ್, ಹಿಡಿಸುವಂತಿರಲಿಲ್ಲ. ಮೇಲೆ ನಟ್ಟು ಇಟ್ಟು ವೆಲ್ಡ್ ಮಾಡೋಣವೆಂದರೆ ಬಿಸಿಗೆ ಪ್ಲೇಟು ಸೊಟ್ಟಗಾದೀತು. ತಲೆಯನ್ನು ಡ್ರಿಲ್ಲಿನಿಂದ ಕೊರೆದು ತೆಗೆಯಬಹುದು, ಆದರೆ ಬೋಲ್ಟು ಗಟ್ಟಿ ಉಕ್ಕು, ಸಂಜೆಯಾಗುತ್ತದೆ. ಆಗ ನನಗೆ ಸ್ಟೋರಿನಲ್ಲಿದ್ದ ಸ್ಟಾರ್ ಬಿಟ್ಟು ನೆನಪಾಯಿತು. ಹೊರದೇಶದ ಒಂದು ಮಶೀನಿನ ಜೊತೆ ಬಂದ ಪೆಟ್ಟಿಗೆಯಲ್ಲಿ ನಕ್ಷತ್ರದಂತೆ ಆರು ಏಣಿನ ಬಿಟ್ಟುಗಳಿದ್ದವು. ಅದರಲ್ಲಿ ನಲವತ್ತು ನಂಬರಿನದು ತುದಿಯಿಂದ ತುದಿಗೆ ಆರು ಎಂಎಂಗಿಂತ ಮುಕ್ಕಾಲು ಎಂಎಂನಷ್ಟು ದಪ್ಪ. ಗುಂಡಗಾದ ಕುಳಿಗೆ ಸಲೀಸಾಗಿ ಇಳಿಯದು, ಬಡಿದರೆ ಮಾತ್ರ ಇಳಿಯುತ್ತದೆ. ಆ ಬಿಗಿಯೇ ನಮಗೆ ಬೇಕಾದದ್ದು. “ಮುರಿದರೆ ನಿನ್ನ ಹೆಸರಿಗೆ” ಎಂದು ಸ್ಟೋರಿನವನು ಸಹಿ ಹಾಕಿಸಿಕೊಂಡೇ ಕೊಟ್ಟ.

ಈಗ ಮಾತ್ರ ಕುಳಿಯನ್ನು ಸ್ವಚ್ಛ ಮಾಡಲೇಬೇಕಿತ್ತು. ಒಂದು ಕರವಸ್ತ್ರ ಮೂಗಿಗೆ ಕಟ್ಟಿಕೊಂಡು, ಗೆರೆ ಹಾಕುವ ಉಕ್ಕಿನ ಸೂಜಿಯಿಂದ ಆ ಲೋಳೆಯನ್ನು ಕೆದರಿ ಕೆದರಿ ತೆಗೆದೆ. ತಂಬಾಕಿನ ನಾರು ಸೂಜಿಗೆ ಎಳೆಎಳೆಯಾಗಿ ಸುತ್ತಿಕೊಂಡು ಬಂತು. ಡೀಸೆಲ್ ಬಿಟ್ಟು ಗಾಳಿ ಊದಿದೆ, ಒಂದು ಹನಿ ಹಣೆಗೆ ಸಿಡಿಯಿತು. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ತಳದಲ್ಲಿ ಸೂಜಿ ಮತ್ತೆ ಅದೇ ಗಟ್ಟಿಯಾದುದಕ್ಕೆ ತಾಗಿತು. ಅದೇ ಬೋಲ್ಟಿನ ತಳ ಎಂದು ಬಿಟ್ಟೆ.

ಮೊದಲು ಬೋಲ್ಟಿನ ತಲೆಯ ಮೇಲೆ ಪಂಚ್ ಇಟ್ಟು ನಾಲ್ಕು ಏಟು ಹಾಕಿದೆ, ಕೆಳಗೆ ತಿರುಪು ಕಚ್ಚಿಕೊಂಡಿದ್ದರೆ ಸಡಿಲಾಗಲಿ ಎಂದು. ಕಣ್ಣಿಗೆ ಗಾಗಲ್ ಹಾಕಿ, ಬಿಟ್ಟನ್ನು ಕುಳಿಯ ಬಾಯಿಗೆ ನೆಟ್ಟಗೆ ನಿಲ್ಲಿಸಿದೆ. ಅದು ಇಳಿಯಲಿಲ್ಲ, ಬಾಯಲ್ಲೇ ಕೂತಿತು. ಮೊದಲು ಮೆಲ್ಲಗೆ ಎರಡು ಏಟು, ವಾಲಿದೆಯೇ ಎಂದು ನೋಡಿ, ಆಮೇಲೆ ಸುತ್ತಿಗೆಯನ್ನು ಮೇಲಿನಿಂದ ಬಿಟ್ಟೆ. ಪ್ರತಿ ಏಟಿಗೂ ಆರು ಏಣುಗಳು ಕುಳಿಯ ಗೋಡೆಯನ್ನು ಕೊರೆದುಕೊಂಡು ತಮ್ಮ ಜಾಗ ತಾವೇ ಮಾಡಿಕೊಂಡು ಇಳಿದವು. ಟಪ್ ಟಪ್ ಎನ್ನುತ್ತಿದ್ದ ಸದ್ದು ಆರೇಳು ಏಟಿಗೆ ಟಣ್ ಎಂದು ಬದಲಾಯಿತು. ಇನ್ನು ಹೊಡೆಯಬಾರದು ಎಂದು ಅರ್ಥ. ಬಿಟ್ಟಿನ ಹಿಂಬದಿ ಆರು ಮೂಲೆಯದು. ಅದಕ್ಕೆ ಹತ್ತರ ಬಾಕ್ಸ್ ಪಾನಾ ಹಾಕಿ, ಎಡಗೈಯಿಂದ ಕೆಳಕ್ಕೆ ಒತ್ತಿ, ಬಲಗೈಯಿಂದ ದಾಂಡನ್ನು ಜಗ್ಗಲು ಶುರು ಮಾಡಿದೆ. ಇಲ್ಲಿ ಝಟಕೆ ಕೊಡಬಾರದು. ಒಂದೇ ಸಮ ಜೋರು ಹಾಕುತ್ತ ಹೋಗಬೇಕು. ಕಾಕಾ ಎದುರು ನಿಂತು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು, ಖಂಡೋಬನನ್ನೇ ಕರೆಯುತ್ತಿದ್ದರೇನೋ.

ಟಕ್ ಎಂದಿತು. ಬೋಲ್ಟು ಸಡಿಲಿತು.

ಕಾಕಾ “ಯಳಕೋಟ!” ಎಂದು ಖಂಡೋಬನ ಜಯಕಾರ ಕೂಗಿಯೇಬಿಟ್ಟರು. ಸಾಹೇಬರೂ ನಕ್ಕು ನನ್ನ ಬೆನ್ನು ತಟ್ಟಿದರು. ಅಷ್ಟರಲ್ಲೇ ಎಲ್ಲ ಮುಗಿದಿದ್ದರೆ ಈ ಕಥೆ ಹೇಳುವ ಪ್ರಸಂಗ ಬರುತ್ತಿರಲಿಲ್ಲ.

ಬಿಟ್ಟು ಬೋಲ್ಟಿನಲ್ಲೇ ಕಚ್ಚಿಕೊಂಡಿತ್ತು. ಸ್ಟೋರಿಗೆ ವಾಪಸು ಕೊಡಬೇಕಲ್ಲ. ಬಿಟ್ಟನ್ನು ಮೇಜಿನ ವೈಸಿನ ಇಕ್ಕಳದಲ್ಲಿ ಹಿಡಿದು, ಬೋಲ್ಟಿನ ತಲೆಯ ಅಂಚಿಗೆ ಆ ಕಡೆ ಒಂದು ಈ ಕಡೆ ಒಂದು ಏಟು ಹಾಕುತ್ತ ಬಿಡಿಸಿದೆ. ಬೋಲ್ಟು ಕಳಚಿ ಮೇಜಿನ ಮೇಲೆ ಬಿತ್ತು. ಅದರ ಕುಳಿಯಿಂದ ಒಂದು ಚಿಕ್ಕ ಬಿಲ್ಲೆ ಅರ್ಧ ಎದ್ದು ಹೊರಗೆ ಇಣುಕುತ್ತಿತ್ತು. ಸಾಹೇಬರು ಸೂಜಿಯಿಂದ ಅದನ್ನು ಎಬ್ಬಿಸಿ ಬಿಡಿಸಿದರು. ಕಬ್ಬಿಣದ ಪುಡಿಯೊಂದಿಗೆ ಅಮುಕಿ ಕಲ್ಲಾಗಿದ್ದ ಗುಟ್ಕಾ ಚೀಟಿನ, ಅಂದರೆ ಗುಟ್ಕಾ ಪೊಟ್ಟಣದ ಹಾಳೆಯ, ತುಂಡು. ಒಂದು ಬದಿ ಬೆಳ್ಳಿ ಬಣ್ಣ, ಇನ್ನೊಂದು ಬದಿ ಹಸಿರು ಕೆಂಪು ಅಚ್ಚು.

ಆ ಚೀಟು ನನ್ನದು.

ಅದನ್ನು ಬಿಡಿಸಿ ಹೇಳಬೇಕು. ಅಲನ್ ಕೀ ಸವೆದರೆ ತುದಿಯನ್ನು ಗ್ರೈಂಡರಿಗೆ ಹಿಡಿದು ಸವೆದಷ್ಟನ್ನು ತೆಗೆಯುತ್ತೇವೆ, ಒಳಗಿನ ಹೊಸ ಮೂಲೆ ಸಿಗುತ್ತದೆ. ನನ್ನ ಆರರ ಕೀ ಹಾಗೆ ತಿಕ್ಕಿಸಿಕೊಂಡು ತಿಕ್ಕಿಸಿಕೊಂಡು ಮೊಂಡಾಗಿತ್ತು. ಹೊಸದು ಬೇಕೆಂದರೆ ಹಳೆಯದನ್ನು ಸ್ಟೋರಿಗೆ ಒಪ್ಪಿಸಿ, ಚೀಟಿ ಬರೆದು, ಸಹಿಗಾಗಿ ಅಲೆದು, ಸ್ಟೋರಿನವನ ಕೊಂಕು ಕೇಳಬೇಕು. ಅದಕ್ಕೆ ನಮ್ಮಲ್ಲಿ ಒಂದು ಕಳ್ಳದಾರಿ ಇತ್ತು. ಗುಟ್ಕಾ ಚೀಟನ್ನು ಕೀಯ ತುದಿಗೆ ಸುತ್ತಿ ಒತ್ತಿದರೆ ಸಡಿಲ ತುಂಬಿಕೊಂಡು ಬಿಗಿಯಾಗಿ ಕೂರುತ್ತದೆ. ಆ ಹಾಳೆ ಬೇಗ ಹರಿಯುವುದೂ ಇಲ್ಲ. ನೆಲದ ಮೇಲೆ ಬೇಕಾದಷ್ಟು ಬಿದ್ದಿರುತ್ತಿದ್ದವು, ಆದರೆ ಇನ್ನೊಬ್ಬರ ಬಾಯಿ ಮುಟ್ಟಿದ್ದನ್ನು ಮಡಿ ಫಿಟ್ಟರ್ ಎತ್ತುತ್ತಾನೆಯೇ? ಗೇಟಿನ ಹೊರಗಿನ ಪಾನ್ ಟಪರಿಯಲ್ಲಿ ಹೊಸ ಚೀಟು ಕೊಂಡು, ಒಳಗಿನ ಹೊಲಸನ್ನು ಗಟಾರಕ್ಕೆ ಸುರಿದು, ಕರವಸ್ತ್ರದಿಂದ ಒರೆಸಿ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದೆ. ಎರಡು ತಿಂಗಳ ಹಿಂದೆ ಇದೇ ಬೋಲ್ಟನ್ನು ಬಿಗಿ ಮಾಡುವಾಗ ಸುತ್ತಿದ ಚೀಟಿನ ತುಂಡು ಒಳಗೇ ಉಳಿದಿತ್ತು. ಕೀಯನ್ನು ಅರ್ಧಕ್ಕೇ ತಡೆದದ್ದು ಅದು. ಮೇಲಿನ ಉಗುಳು ಬರೀ ಲೋಳೆ, ಒತ್ತಿದ್ದರೆ ಪಕ್ಕಕ್ಕೆ ಸರಿಯುತ್ತಿತ್ತು.

ಸಾಹೇಬರು ಆ ಬಿಲ್ಲೆಯನ್ನು ಕಾಕಾನ ಮುಖದ ಮುಂದೆ ಹಿಡಿದು ಮರಾಠಿಯಲ್ಲಿ ಕೇಳಿದರು: “ಹೇ ಕಾಯ್ ಆಹೇ, ಏನಿದು? ಉಗುಳುವುದು ಸಾಲದೆ ಕಸವನ್ನೂ ಇದರಲ್ಲೇ ತುರುಕುತ್ತೀಯಾ?”

ಕಾಕಾ ಗಡಬಡಿಸಿ ಜೇಬಿನಿಂದ ತಗಡಿನ ಡಬ್ಬಿ ತೆಗೆದು ತೋರಿಸಿದರು. ತಾನು ಗುಟ್ಕಾ ತಿನ್ನುವುದಿಲ್ಲ, ಬರೀ ತಂಬಾಕು ಸುಣ್ಣ, ಚೀಟು ತನ್ನದಲ್ಲ ಎಂದು ತಮ್ಮ ಒಡಕು ಮರಾಠಿಯಲ್ಲಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ನೀ ಹೇಳ ತಮ್ಮಾ, ನಾ ಎಂದರ ಚೀಟ ತಿಂದದ್ದ ನೋಡೀದಿ ಏನ?” ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಅಲ್ಲಿ ಅಂಥವೇ ಎರಡು ಚೀಟು ಮಡಿಚಿಟ್ಟಿದ್ದವು, ಒಗೆದ ಕರವಸ್ತ್ರದ ಹಿಂದೆ. ಬಾಯಿ ತೆರೆದೆ. ಕೀ ಪ್ರಶ್ನೆ ಬರುತ್ತದೆ, ಗಾಡಿ ನಿಂತ ಪ್ರಶ್ನೆ ಬರುತ್ತದೆ, ಬೋಲ್ಟು ಕೆಡಿಸಿದವನು ಫಿಟ್ಟರೇ ಎಂದಾಗುತ್ತದೆ. ಬಿಸಿತುಪ್ಪ ಬಾಯಲ್ಲಿದ್ದಂತಾಯಿತು. “ತಿಂದದ್ದು ನೋಡಿಲ್ಲ” ಎಂದಷ್ಟೇ ಮರಾಠಿಯಲ್ಲಿ ಹೇಳಿದೆ, ಅದೂ ನೆಲ ನೋಡುತ್ತಾ. ಸಾಹೇಬರಿಗೆ ಅದು ಸ್ನೇಹದ ಮಾತಾಗಿ ಕೇಳಿಸಿತು.

“ಎಲ್ಲ ಒಂದೇ ಹೊಲಸು” ಎಂದು ಅವರು ಬಿಲ್ಲೆಯನ್ನು ಕಾಗದದಲ್ಲಿ ಸುತ್ತಿ ಒಯ್ದರು. ಒಂದು ಗಂಟೆಯಲ್ಲಿ ಪಿನ್ನು ಬದಲಿಸಿ ಮಶೀನು ಶುರು ಮಾಡಿಕೊಟ್ಟೆ. ಗಾಡಿಯೂ ಹೋಯಿತು. ಮರುದಿನ ಸಾಹೇಬರು ಕಾಕಾನನ್ನು ಕರೆದು, ಈ ದೀಪಾವಳಿಗೆ ನಿನ್ನ ಹೆಸರು ಕಳಿಸುವುದಿಲ್ಲ, ನಡತೆ ನೋಡಿ ಮುಂದಿನ ಪಟ್ಟಿಯ ಹೊತ್ತಿಗೆ ಯೋಚಿಸುತ್ತೇನೆ ಎಂದರಂತೆ. ಆವತ್ತು ಮನೆಗೆ ಹೋಗಿ ನಾನು ಕೈ ತೊಳೆದದ್ದೇ ತೊಳೆದದ್ದು. ಹೆಂಡತಿ “ಚರ್ಮಾ ಸುಲೀತೈತ್ರಿ” ಎಂದು ಗದರಿಸಿ ಸಾಬೂನು ಕಸಿದುಕೊಂಡಳು.

ಆಮೇಲೆ ಕಾಕಾ ಮಾಡಿದ್ದು ನನಗೆ ಇನ್ನೂ ಹೇಸಿಗೆ ತಂದಿತು, ನನ್ನ ಮೇಲೆ. ಅವರು ತಂಬಾಕು ಬಿಟ್ಟರು. ಪರ್ಮನೆಂಟ್ ಆಗುವ ತನಕ ಬಾಯಿಗೆ ಹಾಕುವುದಿಲ್ಲ ಎಂದು ಖಂಡೋಬನ ಮೇಲೆ ಆಣೆ ಇಟ್ಟುಕೊಂಡರು. ಖಾಲಿ ಡಬ್ಬಿಯನ್ನು ಮಾತ್ರ ಜೇಬಿನಲ್ಲೇ ಇಟ್ಟುಕೊಂಡಿದ್ದರು. ಪಾಳಿ ಮುಗಿಯುವ ಮುಂಚೆ ಒಂದು ತಂತಿಗೆ ಬಟ್ಟೆ ಸುತ್ತಿ, ಪ್ಲೇಟಿನ ನಾಲ್ಕೂ ಬೋಲ್ಟಿನ ಕುಳಿಯನ್ನು ತಳದವರೆಗೆ ಒರೆಸಿ, “ನೋಡ ತಮ್ಮಾ, ಊಟಾ ಮಾಡಬಹುದ” ಎಂದು ನನ್ನನ್ನು ಕರೆದು ತೋರಿಸುತ್ತಿದ್ದರು. ಒಂದು ದಿನ, “ನನ್ನ ಉಗುಳಿನಾಗ ನಿನ್ನ ಕೈ ಹಾಕಿಸಿದೆ, ತಪ್ಪಾತಪಾ” ಎಂದೂ ಹೇಳಿದರು. ನನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ನಾನು ಅವರ ಎಲೆಯ ನೊಣ ತೋರಿಸಿ ಕೂತಿದ್ದೆ. ಆದರೂ ಬಾಯಿ ಬಿಡಲಿಲ್ಲ.

ಐದು ತಿಂಗಳು ಹೀಗೇ ಹೋಯಿತು. ಯುಗಾದಿ ಹತ್ತಿರ ಬಂದಾಗ ಮುಂದಿನ ಪಟ್ಟಿಯ ಮಾತು ಎದ್ದಿತು. ಒಂದು ಬೆಳಿಗ್ಗೆ ಬಸ್ಸಿಳಿದವನೇ ನೇರ ಸಾಹೇಬರ ಕೋಣೆಗೆ ಹೋದೆ. ಮೊಂಡು ಕೀ ಮೇಜಿನ ಮೇಲಿಟ್ಟು, ಚೀಟು ಸುತ್ತಿ ತೋರಿಸಿ, ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕೀಯನ್ನು ತಿರುಗಿಸಿ ನೋಡಿ, “ಸೋಡ್ ರೇ, ಬಿಟ್ಟುಬಿಡು, ಹಳೆ ಕಥೆ” ಎಂದರು. ಪಟ್ಟಿ ಹಿಂದಿನ ವಾರವೇ ಹೋಗಿತ್ತು. ಕಾಕಾನ ಜಾಗಕ್ಕೆ ಬೇರೆ ಪಾಳಿಯ ಹುಡುಗನ ಹೆಸರು ಹಾಕಿದ್ದರು. ಇನ್ನು ಎರಡು ವರ್ಷ ಪಟ್ಟಿ ಇಲ್ಲ. ನನಗೆ ಮಾತ್ರ ಹೊಸ ಕೀ ಕೊಡಿಸುವುದಾಗಿ ಹೇಳಿದರು. ಮೊಂಡು ಕೀಯನ್ನು ಮೇಜಿನ ಮೇಲೇ ಬಿಟ್ಟು ಹೊರಗೆ ಬಂದೆ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೈತೊಳೆಯುವ ನಲ್ಲಿಯ ಹತ್ತಿರ ಕಾಕಾ ಒಬ್ಬರೇ ಇದ್ದರು. ಎಲ್ಲ ಹೇಳಿದೆ. ಪಟ್ಟಿ ಹೋದದ್ದನ್ನೂ ಹೇಳಿದೆ. ಬೈದಾರು, ಕೆನ್ನೆಗೆ ಬಾರಿಸಿಯಾರು ಎಂದು ಕಾದೆ. ಅವರು ಕೈ ಝಾಡಿಸಿ ಪ್ಯಾಂಟಿಗೆ ಒರೆಸಿಕೊಂಡರು.

“ಗೊತ್ತಿತ್ತ ತಮ್ಮಾ” ಎಂದರು. “ಚೀಟ ತಿನ್ನಾಂವ ನೆಲಕ್ಕ ಒಗೀತಾನ. ಬೋಲ್ಟಿನ ತಳಕ್ಕ ಹೋಗಿ ಕೂಡಬೇಕಂದ್ರ ಕೀಗೆ ಸುತ್ತಿದ್ದ ಇರಬೇಕ. ಏಳ ವರ್ಷ ಮಶೀನ್ ನಡಸೀನಿ, ಅಷ್ಟು ತಿಳಿಯಂಗಿಲ್ಲೇನ? ಅವತ್ತ ನಿನ್ನ ಕೈ ಜೇಬಿಗಿ ಹೋದದ್ದೂ ನೋಡೀನಿ.”

“ಮತ್ತ ಯಾಕ ಹೇಳಲಿಲ್ರಿ?”

“ನಾ ಹೇಳಿದ್ರ ಯಾರ ನಂಬ್ತಾರ? ನೀ ಹೇಳ್ತಿ ಅಂತ ಕಾದೆ. ದಿನಾ ಆ ಕುಳಿ ಒರಸಿ ನಿನ್ನ ಕರದ ತೋರಸ್ತಿದ್ದೆ. ಇವತ್ತರ ಹೇಳ್ತಾನ, ನಾಳಿಗರ ಹೇಳ್ತಾನ ಅಂತ.”

ಅಷ್ಟು ಹೇಳಿ ಕಾಕಾ ಕ್ಯಾಂಟೀನಿನ ಹೊರಗೆ ಕೂತಿದ್ದ ಇನ್ನೊಬ್ಬ ಆಪರೇಟರನ ಹತ್ತಿರ ಹೋಗಿ, ಅವನ ಚೀಲದಿಂದ ಚಿಟಿಕೆ ತಂಬಾಕು, ಉಗುರಿನಷ್ಟು ಸುಣ್ಣ ಕೇಳಿ ಪಡೆದರು. ನನ್ನ ಎದುರಿಗೇ ವಾಪಸು ಬಂದು ನಿಂತು, ಅಂಗೈಯಲ್ಲಿ ತಿಕ್ಕಿ, ಎರಡು ಸಲ ತಟ್ಟಿ, ಕೆಳತುಟಿಗೆ ತುಂಬಿಕೊಂಡರು. ಐದು ತಿಂಗಳ ನಂತರದ ಮೊದಲ ತಂಬಾಕು, ತಲೆ ಸುತ್ತಿರಬೇಕು, ಗೋಡೆಗೆ ಕೈ ಹಚ್ಚಿ ಸ್ವಲ್ಪ ಹೊತ್ತು ನಿಂತರು. ಬಿಡುವು ಮುಗಿದ ಗಂಟೆ ಆಯಿತು. ಇಬ್ಬರೂ ಒಳಗೆ ಹೋದೆವು.

ಮಶೀನು ಶುರು ಮಾಡುವ ಮುಂಚೆ ಅವರ ಬಾಯಿ ತುಂಬಿತ್ತು. ಟ್ರೇ ಎದುರಿಗೇ ಇತ್ತು. ಕಾಕಾ ಒಂದು ಸಲ ನನ್ನನ್ನು ನೋಡಿದರು. ಆಮೇಲೆ ಹತ್ತು ಹೆಜ್ಜೆ ನಡೆದು ಮೋರಿಯವರೆಗೆ ಹೋಗಿ, ಬಗ್ಗಿ ಅಲ್ಲಿ ಉಗುಳಿ, ನೀರು ಹಾಕಿ ಬಂದರು. ನನ್ನ ಕರವಸ್ತ್ರ ಕೈಯಲ್ಲೇ ಇತ್ತು, ಏನನ್ನು ಒರೆಸಿಕೊಳ್ಳಬೇಕೆಂದು ತಿಳಿಯಲಿಲ್ಲ.